ಮುನ್ನೂರ ತೊಂಬತ್ತೊಂದನೇ ಟೈಲ್

ಕಂಪ್ಯೂಟರ್ ಎರಡನೇ ಸಲ ನಿಂತುಹೋದಾಗ ಇನ್ಸ್‌ಪೆಕ್ಟರ್ ಲಾರಿ ಡ್ರೈವರ್‌ನ ಕಪಾಳಕ್ಕೆ ಹೊಡೆದ. ಕಂಪ್ಯೂಟರ್‌ಗೆ ಹೊಡೆಯಲಾಗದ್ದಕ್ಕೆ ಅವನಿಗೆ ಹೊಡೆದಂತಿತ್ತು.

"ಏನ್ ಮೇಡಂ, ಒಂದು ಫೋಟೋ ತೆಗೆಯೋಕೆ ಎಷ್ಟು ಹೊತ್ತು?"

"ಫೋಟೋ ಅಲ್ಲ ಸರ್. ಹತ್ತು ಕಿಲೋಮೀಟರ್ ಅಗಲದ ನೆಲ. ಬಿಚ್ಚಿದ್ರೆ ತೊಂಬತ್ತು ಜಿಬಿ. ಈ ಕಂಪ್ಯೂಟರ್‌ನ ಮೆಮೊರಿ ಎಂಟು."

"ತಿನ್ನೋಕಾಗದೇ ಇರೋದನ್ನ ಬಾಯಿಗೆ ಯಾಕೆ ಹಾಕ್ಕೊಂಡಿದೀರಿ?"

ನಾನು ಸರ್ವೆ ಕಚೇರಿಯ ನಕಾಶೆ ವಿಭಾಗದವಳು. ಪೊಲೀಸ್ ಠಾಣೆ ನಮ್ಮ ಪಕ್ಕದ ಕಾಂಪೌಂಡ್, ಡ್ರೈವರ್‌ನನ್ನು ನನ್ನ ಕೋಣೆಗೇ ಕರೆತಂದಿದ್ದರು. ಡ್ರೈವರ್‌ನ ಹೆಸರು ಯಾರೂ ಹೇಳಲಿಲ್ಲ. ಎಲ್ಲರೂ ಗಡ್ಡ ಎಂದೇ ಕರೆಯುತ್ತಿದ್ದರು, ಗಡ್ಡ ಬೋಳಿಸಿ ವರ್ಷಗಳಾಗಿದ್ದರೂ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಳೆದಂಡೆಯಲ್ಲಿ ಮರಳಿನ ಗುತ್ತಿಗೆದಾರನೊಬ್ಬನನ್ನು ಹಾರೆಯಿಂದ ಹೊಡೆದು ಕೊಂದಿದ್ದರು. ಹಿಂದಿನ ದಿನ ಅವನ ಜೊತೆ ಕೈಕೈ ಮಿಲಾಯಿಸಿದ್ದವನು ಗಡ್ಡ. ತಾನು ಆ ಹೊತ್ತಿಗೆ ನಲವತ್ತು ಕಿಲೋಮೀಟರ್ ಆಚೆ, ಕಲ್ಲುಕ್ವಾರಿಯಲ್ಲಿ ನೀರು ತುಂಬಿದ ಗುಂಡಿಯ ಪಕ್ಕ ಲಾರಿ ನಿಲ್ಲಿಸಿ ಟೈರ್ ಬದಲಿಸುತ್ತಿದ್ದೆ ಎನ್ನುತ್ತಿದ್ದ. ನೋಡಿದವರು ಯಾರೂ ಇಲ್ಲ. ಆದರೆ ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು ಎಂದ. ಅದು ನಮ್ಮ ಸರ್ವೆ ವಿಮಾನ. ಆ ಭಾಗದ ಮೇಲೆ ಅದು ಹಾದದ್ದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ನೆಲದ ಐದು ಸೆಂಟಿಮೀಟರ್ ಒಂದು ಚುಕ್ಕೆಯಾಗುವ ಚಿತ್ರ. ಲಾರಿ ಇದ್ದರೆ ಕಂಡೇ ಕಾಣಬೇಕು.

ಸತ್ತವನ ಅಣ್ಣನೂ ಬಂದಿದ್ದ. ಅವನನ್ನು ಒಳಗೆ ಬಿಟ್ಟದ್ದು ಯಾಕೆಂದು ಇನ್ಸ್‌ಪೆಕ್ಟರ್‌ನನ್ನು ನಾನು ಕೇಳಲಿಲ್ಲ.

"ಇಡೀ ಕಡತ ತೆರೆಯಲ್ಲ ಸರ್," ಎಂದೆ. "ಚಿತ್ರವನ್ನ ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ಚೌಕ ಚೌಕ ಮಾಡಿ ಬರೆದಿರ್ತಾರೆ. ಯಾವ ಚೌಕ ಕಡತದಲ್ಲಿ ಎಲ್ಲಿಂದ ಶುರು, ಎಷ್ಟು ಉದ್ದ ಅನ್ನೋ ಪಟ್ಟಿ ಅದರೊಳಗೇ ಇರುತ್ತೆ. ಪಟ್ಟಿ ಓದಿ, ಆ ಜಾಗಕ್ಕೆ ನೇರ ಹಾರಿ, ಅದೊಂದನ್ನೇ ಬಿಚ್ಚಿದ್ರೆ ಸಾಕು. ಒಂದು ಎಂಬಿನೂ ಆಗಲ್ಲ."

"ಹಾಗಾದ್ರೆ ಹಾರಿ."

ಅದಕ್ಕೆ ನಾನೇ ಬರೆದ ಸಣ್ಣ ಪ್ರೋಗ್ರಾಂ ಇತ್ತು. ಎರಡು ವರ್ಷದಿಂದ ಬಳಸುತ್ತಿದ್ದೆ, ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕಾನ್‌ಸ್ಟೇಬಲ್ ಗುಂಡಿಯ ಬಳಿ ನಿಂತು ಫೋನಿನಲ್ಲಿ ಗುರುತು ಹಾಕಿಕೊಂಡು ಬಂದ ಅಕ್ಷಾಂಶ ರೇಖಾಂಶ ಕೊಟ್ಟೆ. ಸಾಲು ನೂರ ನಲವತ್ತು, ಅದರಲ್ಲಿ ಇನ್ನೂರ ಹನ್ನೆರಡನೇ ಚೌಕ. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬಂತು.

ಬಿಳಿ ಕಲ್ಲುಪುಡಿ. ಹಸಿರು ನೀರಿನ ಗುಂಡಿಯ ಮೂಲೆ. ಒಂದು ಮಣ್ಣುದಾರಿ. ಲಾರಿ ಇಲ್ಲ.

ಗಡ್ಡ ಬಗ್ಗಿ ನೋಡಿದ. "ಇದಲ್ಲ ಮೇಡಂ. ಅಲ್ಲೊಂದು ನೀಲಿ ಶೆಡ್ಡಿತ್ತು."

"ಗುರುತು ಸರಿಯಿದೆ," ಎಂದೆ. "ಲೆಕ್ಕ ಸುಳ್ಳು ಹೇಳಲ್ಲ."

ಈ ಮಾತನ್ನು ನಾನು ಹೇಳಿದೆ. ಬೇರೆ ಯಾರೂ ಅಲ್ಲ.

ನಕಾಶೆಯ ಹಾಳೆ ಸುರುಳಿಯಾಗದಂತೆ ಇಡುವ ಕಬ್ಬಿಣದ ತೂಕ ಮೇಜಿನ ಮೇಲಿತ್ತು. ಎರಡು ಕೆಜಿ. ಸತ್ತವನ ಅಣ್ಣ ಅದನ್ನೆತ್ತಿದ. ಗಡ್ಡನ ಎಡಗೈ ಮೇಜಿನ ಅಂಚಿನಲ್ಲಿತ್ತು. ಒಂದು ಏಟಿಗೆ ಬೆರಳುಗಳು ಅಪ್ಪಚ್ಚಿಯಾದವು. ಎರಡನೆಯದಕ್ಕೆ ಮೂಳೆ ಮುರಿದ ಸದ್ದು ಕೇಳಿಸಿತು. ಗಡ್ಡ ಕಿರುಚಲಿಲ್ಲ, ಗಂಟಲಿನಿಂದ ಗಾಳಿಯಷ್ಟೇ ಬಂತು. ಮೂರನೆಯದು ಬಿದ್ದ ಮೇಲೆ ಇನ್ಸ್‌ಪೆಕ್ಟರ್ ಕಿಟಕಿಯಿಂದ ಈಚೆ ತಿರುಗಿದ.

"ಸಾಕು ಬಿಡಪ್ಪ. ಸತ್ತುಹೋದ್ರೆ ಬರೆಯೋಕೆ ಇನ್ನೊಂದು ಫೈಲು."

ರಕ್ತ ಮೇಜಿನ ಮೇಲಿದ್ದ ಒಂದು ಹಳ್ಳಿಯ ನಕಾಶೆಗೆ ಹರಿಯಿತು. ನಾನು ಹಾಳೆಯನ್ನು ಪಕ್ಕಕ್ಕೆ ಎಳೆದೆ. ಮೊದಲು ಕಾಪಾಡಿದ್ದು ಹಾಳೆಯನ್ನು.

"ಪ್ರಿಂಟ್ ಕೊಡಿ ಮೇಡಂ. ಸುತ್ತಮುತ್ತಲೂ ಸೇರಿಸಿ. ಆಮೇಲೆ ಆ ಕಡೆ ಇತ್ತು, ಈ ಕಡೆ ಇತ್ತು ಅಂತ ವಕೀಲರು ತಲೆ ತಿನ್ನಬಾರದು."

ಸುತ್ತಲಿನ ಎಂಟು ಚೌಕಗಳನ್ನೂ ತೆಗೆದು ಜೋಡಿಸಿದೆ. ಎಡಬಲದ ಚೌಕಗಳಿಗೆ ಮಣ್ಣುದಾರಿ ಸರಿಯಾಗಿ ಮುಂದುವರಿದಿತ್ತು. ಕೆಳಗಿನ ಸಾಲಿನಲ್ಲಿ ಕತ್ತರಿಸಿದಂತೆ ತುಂಡಾಗಿತ್ತು. ಗುಂಡಿಯೂ ಅಷ್ಟೆ, ಅದರ ಕೆಳಗಿನ ಭಾಗ ಸರಿಯಾಗಿ ಒಂದು ಚೌಕದಷ್ಟು ಬಲಕ್ಕೆ ಜರುಗಿತ್ತು. ಮೇಲಿನ ಸಾಲು ಒಂದು ಚೌಕ ಎಡಕ್ಕೆ.

ನೆಲ ಹಾಗೆ ಜರುಗುವುದಿಲ್ಲ. ಲೆಕ್ಕ ಜರುಗುತ್ತದೆ.

ಪ್ರೋಗ್ರಾಂ ತೆರೆದೆ. ಪಟ್ಟಿಯಲ್ಲಿ ಚೌಕಗಳು ಸಾಲಿನ ಹಿಂದೆ ಸಾಲಾಗಿ, ಸೊನ್ನೆಯಿಂದ ಶುರುವಾಗುವ ಒಂದೇ ಎಣಿಕೆಯಲ್ಲಿ ಇರುತ್ತವೆ. ನೂರ ನಲವತ್ತನೇ ಸಾಲಿಗೆ ಹೋಗಲು ಒಂದು ಸಾಲಿನಲ್ಲಿ ಎಷ್ಟು ಚೌಕ ಎಂಬುದನ್ನು ನೂರ ನಲವತ್ತರಿಂದ ಗುಣಿಸಬೇಕು. ಚಿತ್ರದ ಅಗಲ ಎರಡು ಲಕ್ಷದ ನೂರು ಚುಕ್ಕೆ. ಒಂದು ಚೌಕದ ಅಗಲ ಐನೂರ ಹನ್ನೆರಡು. ಭಾಗಿಸಿದರೆ ಮುನ್ನೂರ ತೊಂಬತ್ತು ಬಂದು, ನಾನೂರ ಇಪ್ಪತ್ತು ಚುಕ್ಕೆ ಉಳಿಯುತ್ತದೆ. ಆ ಉಳಿಕೆಗೂ ಅಂಚಿನಲ್ಲಿ ಒಂದು ಚೌಕ ಇದ್ದೇ ಇರುತ್ತದೆ, ಬಾಕಿ ಜಾಗಕ್ಕೆ ಖಾಲಿ ತುಂಬಿ. ಅಂದರೆ ಸಾಲಿಗೆ ಮುನ್ನೂರ ತೊಂಬತ್ತೊಂದು. ನನ್ನ ಪ್ರೋಗ್ರಾಂ ಉಳಿಕೆಯನ್ನು ಬಿಸಾಡಿತ್ತು. ಎರಡು ವರ್ಷ ನನ್ನ ಕೈಗೆ ಬಂದ ಚಿತ್ರಗಳನ್ನೆಲ್ಲ ಸರಿಯಾಗಿ ಭಾಗವಾಗುವಂತೆ ಕತ್ತರಿಸಿ ಕಳಿಸುತ್ತಿದ್ದರು. ಉಳಿಕೆ ಇರುತ್ತಲೇ ಇರಲಿಲ್ಲ. ಇದು ಕತ್ತರಿಸದ ಚಿತ್ರ. ಪ್ರತಿ ಸಾಲಿಗೂ ಒಂದೊಂದು ಚೌಕ ತಪ್ಪಿ, ನೂರ ನಲವತ್ತನೇ ಸಾಲಿಗೆ ಬರುವಾಗ ನೂರ ನಲವತ್ತು ಚೌಕ ಪಶ್ಚಿಮಕ್ಕೆ ಸರಿದಿದ್ದೆ. ಮೂರೂವರೆ ಕಿಲೋಮೀಟರ್. ಅಲ್ಲೂ ಕ್ವಾರಿ. ಅಲ್ಲೂ ಗುಂಡಿ.

"ಸರ್, ತಪ್ಪಾಗಿದೆ. ನಾನು ತೋರಿಸಿದ್ದು ಬೇರೆ ಜಾಗ."

ಇನ್ಸ್‌ಪೆಕ್ಟರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತ. ದನಿ ಬಹಳ ಮೆತ್ತಗಿತ್ತು. "ಕೈ ಮುರಿದಾಗಿದೆ ಮೇಡಂ. ಅವನು ಇವತ್ತು ಒಪ್ಕೊಂಡು ಬರೆದುಕೊಡ್ತಾನೆ. ಈಗ ನೀವು ತಪ್ಪು ಅಂದ್ರೆ, ಈ ರೂಮಲ್ಲಿ ಏನಾಯ್ತು ಅಂತ ನಿಮ್ಮನ್ನೂ ಕೇಳ್ತಾರೆ. ನನ್ನನ್ನೂ. ಆ ತೂಕ ಯಾರ ಮೇಜಿನದು?"

"ನನ್ನದು."

"ಅದಕ್ಕೇ ಹೇಳ್ತಿದೀನಿ."

ಗಡ್ಡ ಗೋಡೆಗೊರಗಿ ಕೂತಿದ್ದ. ಕೈಯನ್ನು ಅಂಗಿಯಲ್ಲಿ ಸುತ್ತಿಕೊಂಡಿದ್ದ. ಅವನು ನನ್ನನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದ.

ಉಳಿಕೆ ಇದ್ದರೆ ಒಂದು ಕೂಡಿಸು ಎಂದು ಬರೆದೆ. ಒಂದೇ ಸಾಲು. ಮತ್ತೆ ಓಡಿಸಿದೆ.

ಗುಂಡಿ. ನೀಲಿ ಶೆಡ್. ಕೆಂಪು ಮುಂಭಾಗದ ಲಾರಿ, ಪಕ್ಕದಲ್ಲಿ ಬಿಚ್ಚಿಟ್ಟ ಟೈರ್, ಟೈರಿನ ಪಕ್ಕ ನೆರಳಿನೊಡನೆ ಒಂದು ತಲೆ.

"ಅದು ನಾನು," ಎಂದ ಗಡ್ಡ.

ಸತ್ತವನ ಅಣ್ಣ ಎರಡು ಹೆಜ್ಜೆಯಲ್ಲಿ ಬಂದು ನನ್ನ ಮುಖಕ್ಕೆ ಹೊಡೆದ. ಕುರ್ಚಿ ಸಮೇತ ಉರುಳಿದೆ. ತುಟಿ ಒಡೆದು ಬಾಯ್ತುಂಬ ಉಪ್ಪು. "ಆಗಲೇ ಸರಿಯಾಗಿ ನೋಡೋಕೆ ಏನಾಗಿತ್ತೇ ನಿಂಗೆ? ನನ್ನ ಕೈಲಿ ಏನು ಮಾಡಿಸ್ದೆ?" ಎನ್ನುತ್ತ ಒದ್ದ. ಎರಡನೇ ಒದೆಗೆ ಪಕ್ಕೆ ಚಳಕ್ ಎಂದಿತು. ಈ ಸಲ ಇನ್ಸ್‌ಪೆಕ್ಟರ್ ಬೇಗ ತಡೆದ. ನಾನು ಸರ್ಕಾರಿ ನೌಕರಳು.

ನೆಲದಿಂದಲೇ ಹೇಳಿದೆ. "ಎರಡೂ ಚಿತ್ರ ಮೇಲಿನ ಕಚೇರಿಗೆ ಕಳಿಸ್ತೀನಿ. ಏನಾಯ್ತು ಅಂತಾನೂ ಬರೀತೀನಿ."

"ಬರೀರಿ," ಎಂದ ಇನ್ಸ್‌ಪೆಕ್ಟರ್. "ನಿಮ್ಮ ಹೆಸರು ಮೊದಲು ಬರೀರಿ."

ಹಾಗೇ ಬರೆದೆ.

ಸಂಜೆಯೊಳಗೆ ಗಡ್ಡನನ್ನು ಬಿಟ್ಟರು. ಹೇಳಿಕೆಗೆ ಬಲಗೈಯಲ್ಲಿ ದುಂಡಗೆ ಸಹಿ ಹಾಕಿದ. ಆಸ್ಪತ್ರೆಗೆ ನಾನು ಜೊತೆಗೆ ಬರುತ್ತೇನೆ ಎಂದೆ.

"ಬೇಡ. ಬಲಗೈ ಆಗಿದ್ರೆ ಪರವಾಗಿರ್ಲಿಲ್ಲ ಮೇಡಂ. ಸಹಿಗೆ ಹೆಬ್ಬೆಟ್ಟು ಒತ್ತಬಹುದು. ಇದು ಗೇರ್ ಹಾಕೋ ಕೈ."

ಜಪ್ತಿ ಮಾಡಿದ್ದ ಲಾರಿಯನ್ನು ಠಾಣೆಯಂಗಳದಿಂದ ಕಾನ್‌ಸ್ಟೇಬಲ್ ಹೊರಗೆ ತಂದ. ಅವನಿಗೆ ಲಾರಿ ಸರಿಯಾಗಿ ಓಡಿಸಲು ಬರುತ್ತಿರಲಿಲ್ಲ. ಗೇರ್ ಕರಕರ ಎಂದಾಗಲೆಲ್ಲ ಗಡ್ಡ ಮುಖ ಕಿವುಚಿದ. ಕೈ ಮುರಿಯುವಾಗ ಕೂಡ ಅವನು ಹಾಗೆ ಕಿವುಚಿರಲಿಲ್ಲ.