ಮೇಲಿನ ಗುಂಡಿ

ಆಸ್ಪತ್ರೆಯವರು ಓದಿಲ್‌ಗೆ ಕೊಟ್ಟ ಚೀಲದಲ್ಲಿ ಗಂಡ ರೆಮೋಂನ ವಾಚು ನಿಂತುಹೋಗಿತ್ತು. ನಡುವಿನ ಉದ್ದನೆಯ ಮುಳ್ಳು ಅಂಚಿನ ಎಂಬತ್ತು ಎಂಬ ಅಂಕಿಯ ಮೇಲಿತ್ತು. ಸಾಂತ್-ಇಮಿಯೆಯ ವಾಚಿನ ಕಾರ್ಖಾನೆಯಲ್ಲಿ ಓದಿಲ್ ಆ ಅಂಕಿಗಳನ್ನು ಅಚ್ಚೊತ್ತುತ್ತಲೇ ಕಣ್ಣು ಸವೆಸಿದ್ದಳು. ಒತ್ತುವ ಹೆಂಗಸರಿಗೆ ಅವು ಯಾತಕ್ಕೆಂದು ಹೇಳಬೇಕೆಂದು ಯಾವ ಧಣಿಗೂ ಅನ್ನಿಸಿರಲಿಲ್ಲ.

ಹಾಸಿಗೆ ಹಿಡಿದ ಮೇಲೆ ರೆಮೋಂಗೆ ಒಂದು ಆಟ. ಅವಳು ಹೊರಟಾಗ ವಾಚಿನ ಮೇಲಿನ ಗುಂಡಿ ಒತ್ತಿ ಉದ್ದನೆಯ ಮುಳ್ಳು ಓಡಿಸುವನು, ಬಂದಾಗ ಮತ್ತೆ ಒತ್ತಿ ನಿಲ್ಲಿಸಿ, "ಇಷ್ಟು ಹೊತ್ತು ನೀನಿರಲಿಲ್ಲ" ಎನ್ನುವನು. ಕೊನೆಯ ದಿನ ಮಾಲು ಹೋಗಲೇಬೇಕೆಂದು ಮೇಲ್ವಿಚಾರಕ ಬಿಡಲಿಲ್ಲ. ಮಾಲು ಹೋಯಿತು. ಅವಳು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಂಚ ಖಾಲಿ. ಕಾದು ಬೇಸತ್ತು ಅವನೇ ಮುಳ್ಳು ನಿಲ್ಲಿಸಿಬಿಟ್ಟನೇ? ಅವಳನ್ನು ತಿನ್ನುತ್ತಿದ್ದುದು ಅದೊಂದೇ.

ಪಕ್ಕದ ಮನೆಯ ಆಲ್ಸಿಡ್ ಅದೇ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಹೊತ್ತು ಅಳೆಯುವ ಇಂಥ ಕ್ರೋನೋಗ್ರಾಫ್ ವಾಚು ಜೋಡಿಸುತ್ತಲೇ ಮುದುಕನಾದವನು. ಅವನ ಅಡುಗೆಮನೆಗೆ ವಾಚು ಒಯ್ದಳು.

"ಎಂಬತ್ತು ಅಂದ್ರೇನು?"

"ಒಂದು ಕಿಲೋಮೀಟರ್ ದಾಟೋಕೆ ನಲವತ್ತೈದು ಸೆಕೆಂಡ್ ಹಿಡಿದ್ರೆ ಗಂಟೆಗೆ ಎಂಬತ್ತರ ವೇಗ. ಆದ್ರೆ ಅದು ಒಂದು ನಿಮಿಷದೊಳಗಿನ ಲೆಕ್ಕ ಕಣಮ್ಮ. ಇಲ್ಲಿ ನೋಡು, ಬಲಗಡೆ ಪುಟ್ಟ ಬಿಲ್ಲೆ ನಿಮಿಷದ್ದು, ಕೆಳಗಿಂದು ಗಂಟೇದು. ಮುಳ್ಳು ಹೊರಟು ಐದು ಗಂಟೆ ದಾಟಿದೆ. ಅಂಚಿನ ಅಂಕಿ ಇನ್ನು ಬರೀ ಅಲಂಕಾರ."

"ಹಾಗಾದ್ರೆ ಐದು ಗಂಟೆ ಕಾದು ನಿಲ್ಲಿಸಿದನಾ?"

"ಹೇಳೋಕಾಗಲ್ಲ. ಹನ್ನೆರಡು ಗಂಟೆ ಆದ್ರೆ ಅದು ಮತ್ತೆ ಮೊದಲಿಂದ. ಎಡಗಡೇದು ಯಾವಾಗಲೂ ಓಡೋ ಸೆಕೆಂಡ್ ಮುಳ್ಳು, ಅದೂ ನಿಂತಿದೆ. ಕೀಲಿ ಮುಗಿದಿದೆ ಅಷ್ಟೆ."

ಓದಿಲ್ ಕೆಳಗಿನ ಗುಂಡಿಯತ್ತ ಬೆರಳು ತಂದಳು.

"ಏಯ್, ಕೈ ತೆಗಿ. ಅದು ಮುಳ್ಳನ್ನ ಸೊನ್ನೆಗೆ ತರೋದು. ಅವನು ಮೊದಲೇ ನಿಲ್ಲಿಸಿಟ್ಟಿದ್ರೆ ಎಲ್ಲಾ ಅಳಿಸಿಹೋಗುತ್ತೆ. ಇಪ್ಪತ್ತು ವರ್ಷ ಇದರ ಮುಖ ತಿದ್ದಿದೀಯ, ಇದರ ಗುಣ ಮಾತ್ರ ಗೊತ್ತಿಲ್ಲ."

"ಯಾರು ಹೇಳಿಕೊಟ್ರು? ನೀವಾದ್ರೂ ಹೇಳಿದ್ರಾ, ಮೇಲಿನ ಮಹಡಿಯೋರು?"

ಆಲ್ಸಿಡ್ ವಾಚನ್ನು ಅವಳತ್ತ ಸರಿಸಿದ.

"ಒಂದೇ ದಾರಿ," ಎಂದ. "ಕೀಲಿ ಕೊಡು. ಎಡಗಡೇದೊಂದೇ ಓಡಿದ್ರೆ ಅವನು ನಿಲ್ಲಿಸಿದ್ದ ಅಂತ. ಉದ್ದದ್ದೂ ಹೊರಟ್ರೆ ಅವನು ನಿಲ್ಲಿಸಿರಲೇ ಇಲ್ಲ. ಆದ್ರೆ ಹೊರಟ್ರೆ ಈ ಜಾಗ ಹೋಯ್ತು, ಮತ್ತೆ ಸಿಗಲ್ಲ."

ಅವನು ಬಿಟ್ಟುಹೋದ ಕೊನೆಯ ಗುರುತು ಅದು. ಹಾಗೆಯೇ ಇಟ್ಟುಕೊಂಡರೆ ಜೀವಮಾನವೆಲ್ಲ ನೋಡುತ್ತ ಕೂರಬಹುದು, ಸಂಶಯವನ್ನೂ ನೋಡುತ್ತ. ಓದಿಲ್ ಗುಂಡಿಗಳ ನಡುವಿನ ಕೀಲಿ ತಿರುಪನ್ನು ಹಿಡಿದು ತಿರುಗಿಸಿದಳು. ಒಳಗೆ ಸ್ಪ್ರಿಂಗು ಕಿರಕಿರ ಎಂದಿತು.

ಎಡದ ಪುಟ್ಟ ಮುಳ್ಳು ನಡುಗಿ ನಡೆಯಿತು. ಉದ್ದನೆಯದೂ ಎಂಬತ್ತನ್ನು ಬಿಟ್ಟು ಮುಂದಕ್ಕೆ ಸರಿಯಿತು.

"ಕಾಯ್ತಾನೇ ಇದ್ದ," ಎಂದ ಆಲ್ಸಿಡ್. "ನೀನು ಬಂದಾಯ್ತಲ್ಲ, ಈಗ ಮೇಲಿಂದು ಒತ್ತು."

ಅವಳು ಹೆಬ್ಬೆರಳನ್ನು ಮೇಲಿನ ಗುಂಡಿಯ ಮೇಲಿಟ್ಟು, ಒತ್ತದೆ ತೆಗೆದಳು.

"ಬಂದಿಲ್ಲ," ಎಂದಳು. "ಕಾರ್ಖಾನೆಯೋರು ಬಿಡಲಿಲ್ಲ."

ವಾಚನ್ನು ಕೈಗೆ ಕಟ್ಟಿಕೊಂಡು, ಓಡುತ್ತಿರುವ ಮುಳ್ಳಿನೊಡನೆ ಮನೆಗೆ ನಡೆದಳು.