ಮೂರು ಸಲದ ಬ್ರೆಡ್ಡು

ಆ ಕೆಫೆಯವಳಿಗೆ ಬ್ರೆಡ್ಡು ಕೊಡುವುದನ್ನು ನಿಲ್ಲಿಸಬೇಕೆಂದು ನಾನು ಮನಸ್ಸಿನಲ್ಲಿ ತೀರ್ಮಾನಿಸಿ ತಿಂಗಳಾಗಿತ್ತು. ಲೆಕ್ಕ ಹಾಕಿದ್ದು ಆಮೇಲೆ.

ನಮ್ಮ ಬೇಕರಿಯಲ್ಲಿ ಲೆಕ್ಕ ನನ್ನದು, ಒಲೆ ನನ್ನ ಗಂಡನದು. ಆದರೆ ಆ ಒಂದು ಕೆಫೆಗೆ ಮಾತ್ರ ಬ್ರೆಡ್ಡು ಕೊಡಲು ಅವರೇ ವ್ಯಾನು ತೆಗೆಯುತ್ತಿದ್ದರು. ಬೆಳಿಗ್ಗೆ ಒಮ್ಮೆ, ಹತ್ತು ಗಂಟೆಗೆ ಒಮ್ಮೆ, ಸಂಜೆಗೊಮ್ಮೆ. ಹೊರಡುವ ಮುಂಚೆ ತೋಳಿನ ಹಿಟ್ಟು ತೊಳೆದು, ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದರು. ಬೇರೆ ಅಂಗಡಿಗಳಿಗೆ ಹಿಟ್ಟಿನ ತೋಳಿನಲ್ಲೇ ಹೋಗುವ ಮನುಷ್ಯ.

ಅವರು ಒಲೆಯಿಂದ ಬಿಡುವಾಗುವುದನ್ನು ಕಾದು ಲೆಕ್ಕದ ಹಾಳೆ ಮುಂದಿಟ್ಟೆ.

"ತಿಂಗಳಿಗೆ ಲಕ್ಷದ ಮಾಲು ಕೊಳ್ತಾಳೆ, ಅದು ನಿಜ," ಎಂದೆ. "ಡಿಸ್ಕೌಂಟು ಹನ್ನೆರಡು ಸಾವಿರ ಹೋಯ್ತು. ಬ್ರೆಡ್ಡು ಮಾಡೋ ಖರ್ಚು ಎಪ್ಪತ್ತು. ಉಳಿದದ್ದು ಹದಿನೆಂಟು. ಅದರಲ್ಲಿ ಮೂರು ಸಲದ ಓಡಾಟಕ್ಕೇ ಹತ್ತು ಸಾವಿರದ ಎಂಟುನೂರು."

"ಅಷ್ಟೊಂದಾ? ಪೆಟ್ರೋಲಿಗೆ?"

"ಪೆಟ್ರೋಲು ಮಾತ್ರ ಅಲ್ಲ. ನೀವು ಆ ಕಡೆ ಹೋದಾಗ ಒಲೆ ನೋಡ್ಕೊಳ್ಳೋಕೆ ಗಂಟೆಗಿಷ್ಟು ಅಂತ ಒಬ್ಬರನ್ನ ಕರೀತೀವಲ್ಲ, ಆ ಕೂಲಿ. ಕೆಫೆ ಬಿಟ್ರೆ ಅದೂ ಉಳಿಯುತ್ತೆ. ವ್ಯಾನಿನ ಕಂತು, ಅಂಗಡಿ ಬಾಡಿಗೆ ಇದರಲ್ಲಿ ಸೇರಿಸಿಲ್ಲ. ಅವಳಿದ್ರೂ ಅವಳಿಲ್ದಿದ್ರೂ ಅವು ಕಟ್ಟಲೇಬೇಕು."

ಅವರು ತಲೆ ಕೆರೆದುಕೊಂಡರು. ನಾನು ಬಿಡಲಿಲ್ಲ.

"ಮಾರಾಟವಾಗದೆ ವಾಪಸ್ ಬರೋದು ಆರು ಸಾವಿರದ್ದು. ದುಡ್ಡು ಕೊಡೋದು ಎರಡು ತಿಂಗಳಾದ ಮೇಲೆ. ಅಲ್ಲೀವರೆಗೂ ನಾವು ಬ್ಯಾಂಕಿಂದ ಎತ್ತಿ ಹಿಟ್ಟಿನವರಿಗೆ ಕೊಡ್ತೀವಿ. ಅದರ ಬಡ್ಡಿ ತಿಂಗಳಿಗೆ ಸಾವಿರದ ಏಳುನೂರ ಅರವತ್ತು. ಕೂಡಿ ನೋಡಿ. ಐನೂರ ಅರವತ್ತು ನಾವೇ ಕೈಯಿಂದ ಹಾಕಿ ಅವಳನ್ನ ಸಾಕ್ತಿದ್ದೀವಿ."

'ಸಾಕ್ತಿದ್ದೀವಿ' ಎಂಬ ಮಾತು ಬೇಕೆಂದೇ ಆಡಿದ್ದೆ. ಅವರ ಕಿವಿಯಂಚು ಕೆಂಪಾಯಿತು.

"ಸರಿ ಮಾರಾಯ್ತಿ, ಬಿಡೋಣ. ಆದ್ರೆ ನಮ್ಮಪ್ಪನ ಕಾಲದಿಂದ ಒಂದು ಪದ್ಧತಿ ಇದೆ ಅಲ್ವಾ, ಗಿರಾಕಿನ ಬಿಡೋಕೆ ಮುಂಚೆ ಎದುರಿಗೆ ಕೂತು ಹೇಳ್ಬೇಕು. ಹೊಸ ಕರಾರಿಗೆ ಒಪ್ಪಿದ್ರೆ ಬಿಡೋ ಹಾಗಿಲ್ಲ. ನಾನು ನಾಳೆ..."

"ನಾನೇ ಹೋಗ್ತೀನಿ," ಎಂದೆ.

ಕೆಫೆಯವಳು ನಾನು ಅಂದುಕೊಂಡಷ್ಟು ಚೆಲುವೆಯಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ನಗು ಮಾತ್ರ ಬೆಚ್ಚಗಿತ್ತು. "ಬನ್ನಿ ಅಕ್ಕ," ಎಂದು ಕಿಟಕಿ ಪಕ್ಕದ ಕುರ್ಚಿ ಎಳೆದಳು. ನನ್ನ ಗಂಡ ಕೂರುವುದು ಇದೇ ಕುರ್ಚಿಯಲ್ಲೋ ಎಂದು ನಾನು ಅದರ ಕೈಗಳನ್ನು ದಿಟ್ಟಿಸಿದೆ. ಒಂದರ ಮೇಲೆ ಒಣಗಿದ ಹಿಟ್ಟಿನ ಚುಕ್ಕೆ ಇತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯದು ಹೋಗುವುದಿಲ್ಲ.

ನಾನು ಒಂದೇ ಉಸಿರಿಗೆ ಹೇಳಿದೆ: ದಿನಕ್ಕೆ ಒಂದೇ ಸಲ ಬ್ರೆಡ್ಡು, ಡಿಸ್ಕೌಂಟು ನೂರಕ್ಕೆ ಐದು, ದುಡ್ಡು ಒಂದು ತಿಂಗಳೊಳಗೆ, ವಾಪಸ್ ಇಲ್ಲ. ಒಪ್ಪದಿದ್ದರೆ ಬೇರೆ ಬೇಕರಿ ನೋಡಿಕೊಳ್ಳಬಹುದು. ಅವಳು ಜಗಳಕ್ಕೆ ಬರಲೆಂದು ಕಾದೆ.

"ಆಗ್ಲಿ," ಎಂದಳು.

"ಯೋಚನೆ ಮಾಡಿ ಹೇಳಿ. ಅವಸರ ಇಲ್ಲ."

"ಏನಕ್ಕ ಯೋಚನೆ? ನಿಮ್ಮ ಬ್ರೆಡ್ಡಿಗೆ ಅದು ಸರಿಯಾದ ರೇಟೇ." ಲೋಟ ಒರೆಸುತ್ತಾ ನಕ್ಕಳು. "ನಾನು ಮೊದಲ ದಿನವೇ ಒಂದೇ ಸಲ ಸಾಕು ಅಂದಿದ್ದೆ. 'ಇಲ್ಲ ಇಲ್ಲ, ಬಿಸಿ ಇರ್ಬೇಕು' ಅಂತ ಮೂರು ಸಲ ಬರ್ತಾರೆ. ಜಾಸ್ತಿ ಆಯ್ತು ಅಂದ್ರೆ 'ಉಳಿದದ್ದು ನಾನೇ ಒಯ್ತೀನಿ' ಅಂತಾರೆ. ಹನ್ನೆರಡು ಪರ್ಸೆಂಟೂ ಅವರೇ ಹೇಳಿದ್ದು. ಬೇಡ ಅನ್ನೋಕೆ ನಂಗೇನು ಹುಚ್ಚಾ?"

ಅವಳು ಕೊಟ್ಟ ಚಹಾ ನಾನು ಮುಟ್ಟಲಿಲ್ಲ.

ದಾರಿಯುದ್ದಕ್ಕೂ ಹೊಸ ಲೆಕ್ಕ ತಲೆಯಲ್ಲಿ ತಾನೇ ಓಡಿತು. ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ ಉಳಿಯುತ್ತದೆ. ಇಷ್ಟು ಒಳ್ಳೆಯ ಗಿರಾಕಿ ನಮಗೆ ಇನ್ನೊಬ್ಬಳಿಲ್ಲ. ಖರ್ಚೆಂದು ನಾನು ಅವಳ ಹೆಸರಿಗೆ ಬರೆದದ್ದೆಲ್ಲ ನನ್ನ ಗಂಡನದೇ. ಅವಳು ಒಪ್ಪಲಿಲ್ಲ ಎಂದು ಅವರಿಗೆ ಒಂದು ಮಾತು ಹೇಳಿದರೆ ಸಾಕಿತ್ತು, ಆ ಕೆಫೆಯ ಓಡಾಟ ಮುಗಿಯುತ್ತಿತ್ತು. ನಿಜವೇ ಎಂದು ಅವಳನ್ನು ಕೇಳಲು ಅವರು ಹೋಗುತ್ತಿರಲಿಲ್ಲ, ಸಂಕೋಚದ ಮನುಷ್ಯ.

ಬೇಕರಿಯ ಬಾಗಿಲಲ್ಲೇ ನಿಂತಿದ್ದರು. "ಏನಂದ್ರು?"

ಆ ಬಹುವಚನ ಕೇಳಿ ಸುಳ್ಳು ನಾಲಿಗೆಯ ತುದಿವರೆಗೆ ಬಂತು. ಆದರೆ ಇಪ್ಪತ್ತು ಸಾವಿರವನ್ನು ಸುಟ್ಟುಹಾಕಲು ನನಗೆ ಕೈ ಬರಲಿಲ್ಲ.

"ಎಲ್ಲಕ್ಕೂ ಒಪ್ಪಿದಳು. ಲಾಭದ ಗಿರಾಕಿ, ಬಿಡೋ ಹಾಗಿಲ್ಲ," ಎಂದೆ. "ಮೊದಲೇ ಒಂದು ಸಲ ಸಾಕು ಅಂದಿದ್ದಳಂತೆ."

ಅವರು ಒಳಗೆ ನಡೆದರು. ಒಲೆಯ ಬಾಗಿಲು ತೆಗೆದು, ಒಳಗೇನೂ ಇಲ್ಲದಿದ್ದರೂ ಬಗ್ಗಿ ನೋಡಿದರು.

"ನಾಳೆಯಿಂದ ಬೆಳಿಗ್ಗೆ ನಾನೇ ವ್ಯಾನು ಒಯ್ತೀನಿ. ನೀವು ಒಲೆ ಬಿಡ್ಬೇಡಿ."

"ಸರಿ," ಎಂದರು.

ಮರುದಿನ ಹತ್ತು ಗಂಟೆಗೆ ಅವರು ನಲ್ಲಿಯ ಹತ್ತಿರ ಹೋಗಿ ತೋಳಿನ ಹಿಟ್ಟು ತೊಳೆದರು. ನೆನಪಾದಂತೆ ಒಂದು ಗಳಿಗೆ ನಿಂತರು. ಆಮೇಲೆ ಒದ್ದೆ ತೋಳನ್ನೇ ಮತ್ತೆ ಹಿಟ್ಟಿಗೆ ಇಳಿಸಿದರು. ನಾನು ಲೆಕ್ಕದ ಮೇಜಿನಿಂದ ನೋಡುತ್ತಲೇ ಇದ್ದೆ.