ಬಾಯಿಂದ ಬಿದ್ದ ಮುತ್ತು

ಅಜ್ಜಿಯ ಕಥೆಯೊಂದರಲ್ಲಿ ಒಬ್ಬ ರಾಜಕುಮಾರಿಯಿದ್ದಳು. ಬಾಯಿ ತೆರೆದರೆ ಸಾಕು, ಮುತ್ತು ಉದುರುತ್ತಿತ್ತು. ಬೈದರೂ ಮುತ್ತು, ಆಕಳಿಸಿದರೂ ಮುತ್ತು. ಅರಮನೆಯ ಕಸ ಗುಡಿಸುವವಳಿಗೆ ಸೊಂಟ ಬಿದ್ದುಹೋಗಿತ್ತಂತೆ. ಆ ಕಥೆ ಅಜ್ಜಿಯ ಬಾಯಿಂದ ಚಿಕ್ಕಿಯ ಬಾಯಿಗೆ ಬಂದಿತ್ತು. ಈಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಅಕ್ಕನ ಮಗಳು ಗುಬ್ಬಿಯ ಕಿವಿಗೆ ಇಳಿಯುತ್ತಿತ್ತು. ಚಿಕ್ಕಮ್ಮ ಅನ್ನಲು ನಾಲಗೆ ಹೊರಳದ ವಯಸ್ಸಿನಲ್ಲಿ ಗುಬ್ಬಿ ಕಟ್ಟಿದ ಹೆಸರು ಚಿಕ್ಕಿ. ಮನೆಮಂದಿಯೆಲ್ಲ ಈಗ ಹಾಗೇ ಕರೆಯುತ್ತಿದ್ದರು.

ಚಿಕ್ಕಿ ಇದ್ದದ್ದು ಅಕ್ಕನ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ, ದುಡಿಯುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಕೋಣೆಗೂ ಅಂಗಡಿಗೂ ನಡುವೆ ಅವಳದು ಅಂತ ಇದ್ದದ್ದು ಆ ಒಂದು ಸಂಜೆ, ತೊಡೆಯ ಮೇಲೊಂದು ತಲೆ, ಒಂದು ಕಥೆ.

ಆ ಸಂಜೆ ರಾಜಕುಮಾರಿಯನ್ನು ರಾಕ್ಷಸ ಗುಹೆಗೆ ಹೊತ್ತೊಯ್ದಿದ್ದ. ಇನ್ನೊಂದು ಮಾತಾಡಿದರೆ ನುಂಗಿಬಿಡುವೆ ಅಂದಿದ್ದ. ಚಿಕ್ಕಿ ಗುಟ್ಟು ಹೇಳುವವಳಂತೆ ಗುಬ್ಬಿಯ ಮುಖದ ಹತ್ತಿರಕ್ಕೆ ಬಾಗಿದಳು. ಗುಬ್ಬಿ ತಟ್ಟನೆ ಗೋಡೆಯ ಕಡೆ ಹೊರಳಿತು.

"ಚಿಕ್ಕೀ, ನಿನ್ ಕಥೆ ವಾಸ್ನೆ ಬರುತ್ತೆ."

"ಏನಂದೆ?"

"ಕಥೆ ಚೆನ್ನಾಗಿದೆ. ವಾಸ್ನೆ ಬರುತ್ತೆ, ಅಷ್ಟೇ. ಆ ಕಡೆ ತಿರುಕ್ಕೊಂಡು ಹೇಳು."

ಅಡುಗೆಮನೆಯಿಂದ ಅಕ್ಕ ಓಡಿಬಂದಳು. "ಏಯ್, ಬಾಯಿ ಮುಚ್ಚೇ! ದೊಡ್ಡೋರಿಗೆ ಹಾಗೆಲ್ಲ ಅಂತಾರಾ?" ಆಮೇಲೆ ತಂಗಿಯ ಕಡೆ ನೋಡದೆಯೇ, "ಏನೂ ಇಲ್ಲ ಕಣೆ, ಅದಕ್ಕೇನು ಗೊತ್ತಾಗುತ್ತೆ" ಅಂದಳು.

ಆ ನೋಡದಿರುವಿಕೆಯೇ ಚಿಕ್ಕಿಗೆ ಎಲ್ಲವನ್ನೂ ಹೇಳಿತು. ಬಸ್ಸಿನಲ್ಲಿ ಪಕ್ಕದವಳು ಕಿಟಕಿ ತೆರೆದದ್ದು, ಗೆಳತಿ ಮಾತಿನ ನಡುವೆ ಮೂಗಿನ ತುದಿ ಮುಟ್ಟಿಕೊಳ್ಳುತ್ತಿದ್ದದ್ದು, ನೋಡಲು ಬಂದಿದ್ದ ಹುಡುಗ ಮಾತಾಡುತ್ತ ಆಡುತ್ತ ಕುರ್ಚಿಯನ್ನೇ ಹಿಂದೆ ಸರಿಸಿದ್ದು, ಎಲ್ಲ ಮಾಲೆಯ ಹಾಗೆ ಒಂದೇ ದಾರಕ್ಕೆ ಪೋಣಿಸಿಕೊಂಡವು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಅಂಗೈಗೆ ಉಸಿರುಬಿಟ್ಟು ಮೂಸಿ ನೋಡಿಕೊಂಡಳು. ಏನೂ ಬರಲಿಲ್ಲ.

ಮರುದಿನದಿಂದ ಅವಳು ಕಥೆಗೆ ಇಳಿಯಲಿಲ್ಲ.

ಅಂಗಡಿಯಲ್ಲಿ ಅವಳ ಕೆಲಸವೆಲ್ಲ ಜನರ ಮುಖದ ಎದುರಿಗೇ. ಫ್ರೇಮು ಕಿವಿಗೆ ಕೂತಿದೆಯೇ, ಮೂಗಿನ ಮೇಲೆ ಒತ್ತುತ್ತಿದೆಯೇ ಅಂತ ಗೇಣು ದೂರದಿಂದ ನೋಡಬೇಕು. ಕೊನೆಗೆ ಗಾಜಿಗೆ "ಹಾ" ಅಂತ ಉಸಿರುಬಿಟ್ಟು, ಮಂಜು ಕಟ್ಟಿಸಿ, ಬಟ್ಟೆಯಲ್ಲಿ ಒರೆಸಿ ಗಿರಾಕಿಯ ಮುಖಕ್ಕೇರಿಸಬೇಕು. ಬಾಯುಸಿರಿನಷ್ಟು ಒಳ್ಳೆಯ ಪಾಲಿಶ್ ಇಲ್ಲ ಅನ್ನುವುದು ಯಜಮಾನರ ಸಿದ್ಧಾಂತ. ಎಷ್ಟು ಮೂಗುಗಳ ಮೇಲೆ ತನ್ನ ಉಸಿರನ್ನು ಕೂರಿಸಿ ಕಳಿಸಿದೆನೋ ಅಂತ ನೆನೆದಾಗ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುಖಕ್ಕೆ ಮಾಸ್ಕ್ ಬಂತು, ಕೈಗೆ ನೀರು ಚಿಮುಕಿಸುವ ಬಾಟಲಿ ಬಂತು.

"ಏನಮ್ಮಾ, ಉಸಿರಿಗೂ ಬರಗಾಲ ಬಂತಾ?" ಅಂದರು ಯಜಮಾನರು.

"ನೆಗಡಿ ಸಾರ್."

"ಎಂಥ ನೆಗಡಿನೋ, ನಿನ್ನೇ ಮದುವೆಯಾಗಿ ಮನೇಲೇ ಕೂತಂಗಿದೆ."

ಅವಳು ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು. ಹಲ್ಲನ್ನು ಬೆಳಿಗ್ಗೆ ಉಜ್ಜಿದಳು, ಸಂಜೆ ಉಜ್ಜಿದಳು, ಊಟವಾದ ಮೇಲೂ ಉಜ್ಜಿದಳು. ಪಾತ್ರೆಯ ಮಸಿ ತೆಗೆಯುವಂತೆ ಉಜ್ಜಿದಳು. ಕೆಳಗಿನ ಬಲಬದಿಯಲ್ಲಿ ರಕ್ತ ಬಂದರೆ ಹೆದರಿ ಅದೊಂದು ಜಾಗ ಬಿಟ್ಟು ಉಳಿದದ್ದನ್ನು ಉಜ್ಜಿದಳು. ಹೊಟ್ಟೆ ಕೆಟ್ಟಿರಬೇಕು ಅಂತ ಔಷಧಿ ಅಂಗಡಿಯವನು ಗ್ಯಾಸಿನ ಮಾತ್ರೆ ಕೊಟ್ಟ. ಹೊಟ್ಟೆಯಲ್ಲೇ ಏನಿಲ್ಲದಿದ್ದರೆ ಕೆಡುವುದಾದರೂ ಏನು ಅಂತ ಅವಳು ಮಧ್ಯಾಹ್ನದ ಊಟ ಬಿಟ್ಟಳು. ಮಾಸ್ಕ್ ಇಳಿಸಬೇಕಲ್ಲ ಅಂತ ನೀರನ್ನೂ ಬಿಟ್ಟಳು. ದವಡೆಯಲ್ಲಿ ಸದಾ ಪೆಪ್ಪರಮೆಂಟು.

ಸಂಜೆ ಕೋಣೆಯ ನೆಲಕ್ಕೆ ಕಿವಿಗೊಟ್ಟರೆ ಕೆಳಗಿನಿಂದ ಹೆಂಗಸಿನ ದನಿಯೊಂದು ಕೇಳುತ್ತಿತ್ತು. ಭಾವ ಗುಬ್ಬಿಗೆ ಫೋನಿನಲ್ಲಿ ಕಥೆ ಹಾಕಿಕೊಟ್ಟಿದ್ದರು. ತಡವರಿಸದ, ಕೆಮ್ಮದ, ಎಂಜಲು ನುಂಗದ ದನಿ. ಉಸಿರೇ ಇಲ್ಲದವಳ ಕಥೆಗೆ ವಾಸನೆ ಎಲ್ಲಿಂದ ಬರಬೇಕು? ಚಿಕ್ಕಿಗೆ ಆ ಹೆಂಗಸಿನ ಮೇಲೆ ಸವತಿಯ ಮೇಲೆ ಬರುವಂಥ ಹೊಟ್ಟೆಕಿಚ್ಚು ಬಂತು. ತಾನೇ ಗುಹೆಯಲ್ಲಿದ್ದೇನೆ, ಬಾಯಿ ಬಿಟ್ಟರೆ ರಾಕ್ಷಸ ನುಂಗುತ್ತಾನೆ ಅನ್ನಿಸುತ್ತಿತ್ತು. ರಾಜಕುಮಾರಿ ಅಲ್ಲಿಂದ ಪಾರಾದದ್ದು ಹೇಗೆ ಅಂತ ಗುಬ್ಬಿಗೆ ಹೇಳುವುದು ಹಾಗೇ ಉಳಿದಿತ್ತು.

ಕೊನೆಗೆ ಹಲ್ಲಿನ ಡಾಕ್ಟರ ಬಳಿ ಹೋದಳು. ಡಾಕ್ಟರಮ್ಮ ದುಂಡಗಿನ ಹೆಂಗಸು, ಮಾತಿನ ಮಲ್ಲಿ. ಚಿಕ್ಕಿ ಮಾಸ್ಕಿನೊಳಗೇ ಗೊಣಗಿದ್ದನ್ನು ಕೇಳಿ, "ಅಷ್ಟೇನಾ? ನಾನು ಯಾರನ್ನೋ ಕೊಂದು ಬಂದಿದ್ದೀರಿ ಅಂದ್ಕೊಂಡೆ. ಬಿಚ್ರೀ ಅದನ್ನ" ಅಂದರು.

ಪ್ಲಾಸ್ಟಿಕ್ ಚಮಚದಿಂದ ನಾಲಗೆಯ ಹಿಂಭಾಗವನ್ನು ಮೆಲ್ಲಗೆ ಕೆರೆದು, ಸ್ವಲ್ಪ ತಡೆದು ಮೂಸಿದರು. ಚಿಕ್ಕಿ ಕಣ್ಣುಮುಚ್ಚಿಕೊಂಡಳು.

"ಇದೆ. ಸುಳ್ಳು ಹೇಳಲ್ಲ."

ಎಷ್ಟು ಕಾಲದ ಮೇಲೆ ಒಬ್ಬರು ಮುಖ ನೋಡಿ ಹೇಳಿದ್ದರು! ಚಿಕ್ಕಿಗೆ ಅಳು ಬಂತು, ಆದರೆ ಬಾಯಿ ತೆರೆದಿಟ್ಟುಕೊಂಡು ಅಳುವುದು ಸುಲಭವಲ್ಲ.

"ಅಂಗೈಗೆ ಊದ್ಕೊಂಡು ನೋಡಿದ್ರೆ ಗೊತ್ತಾಗಲ್ಲಮ್ಮ. ನಮ್ಮ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತೆ. ಹೊಟ್ಟೆ ಅಂದ್ರಾ? ಎದೆಯುರಿ, ಹುಳಿತೇಗು ಏನಾದ್ರೂ ಉಂಟಾ?"

"ಇಲ್ಲ."

"ಹಾಗಾದ್ರೆ ಆ ಬಡಪಾಯಿ ಹೊಟ್ಟೆಗೆ ಊಟ ಹಾಕಿ. ಹೊಟ್ಟೆಯಿಂದ ವಾಸನೆ ಬರೋದು ಅಪರೂಪ, ಮುಕ್ಕಾಲು ಪಾಲು ಮೂಲ ಬಾಯಲ್ಲೇ ಇರುತ್ತೆ. ನಾಲಗೆ ಹಿಂದೆ ಬಿಳಿ ಪದರ ಕಟ್ಟಿದೆ, ಅದರಲ್ಲಿ ಬ್ಯಾಕ್ಟೀರಿಯಾದ ಸಂಸಾರ. ಬ್ರಷ್ಷು ಅಲ್ಲಿಗೆ ಹೋಗೇ ಇಲ್ಲ. ಬಲಗಡೆ ಒಸಡು ಬಾತಿದೆ. ರಕ್ತ ಬರುತ್ತೆ ಅಂತ ಬಿಟ್ಟಿದ್ದೀರಿ ಅಲ್ವಾ? ಉಜ್ಜದೆ ಬಿಟ್ಟಿದ್ದಕ್ಕೇ ರಕ್ತ ಜಾಸ್ತಿ ಆಗಿರೋದು. ಇನ್ನು ನೀರು ಕುಡಿಯಲ್ಲ, ಊಟ ಮಾಡಲ್ಲ, ಬಾಯಿ ಒಣಗಿಸಿಕೊಂಡು ಕೂತಿದ್ದೀರಿ. ಎಂಜಲೇ ಬಾಯಿ ತೊಳೆಯೋ ಕೆಲಸದವಳು. ಅವಳನ್ನ ನೀವೇ ಓಡಿಸಿದ್ದೀರಿ."

ಮುಚ್ಚಿಡಲು ಮಾಡಿದ್ದೆಲ್ಲ ವಾಸನೆಯನ್ನು ಹೆಚ್ಚಿಸಿತ್ತು. ಡಾಕ್ಟರಮ್ಮ ಹಲ್ಲಿನ ಬುಡದಲ್ಲಿ ಗಾರೆಯಂತೆ ಕಟ್ಟಿದ್ದ ಕೊಳೆ ಕೆರೆದು ತೆಗೆದರು. ಮೆತ್ತನೆಯ ಬ್ರಷ್ಷು, ಹಲ್ಲಿನ ಸಂದಿಗೆ ದಾರ, ನಾಲಗೆಯ ಹಿಂದಿನವರೆಗೆ ಮೆಲ್ಲಗೆ ಕೆರೆಯುವುದು, ಸಕ್ಕರೆಯ ಪೆಪ್ಪರಮೆಂಟು ಬಂದ್. ಕೆಲವು ವಾರಗಳಲ್ಲಿ ರಕ್ತ ನಿಂತಿತು. ನಾಲಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ಚಿಕ್ಕಿ ಅಕ್ಕನ ಬಳಿ ನಿಂತು, "ಈಗ ಹೇಗಿದೆ, ನಿಜ ಹೇಳೇ" ಅಂದಳು.

"ಏನೂ ಇಲ್ಲ ಕಣೆ," ಅಂದಳು ಅಕ್ಕ. ಅವತ್ತೂ ಅದನ್ನೇ ಅಂದಿದ್ದಳು. ಪ್ರೀತಿಯಿಂದ ಹೇಳುವ ಸುಳ್ಳಿನ ದೊಡ್ಡ ತೊಂದರೆ ಇದು, ಆಮೇಲೆ ಹೇಳುವ ನಿಜಕ್ಕೂ ಬೆಲೆಯಿರುವುದಿಲ್ಲ. ಚಿಕ್ಕಿ ಮಹಡಿ ಹತ್ತಿದಳು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಬಾಟಲಿಯ ನೀರು ಮುಗಿದಿತ್ತು. ಚಿಕ್ಕಿ ಮಾಸ್ಕ್ ಇಳಿಸಿ, ಹಳೆಯ ಚಾಳಿಯಂತೆ ಗಾಜಿಗೆ "ಹಾ" ಅಂದಳು. ಗಂಟಲಲ್ಲಿ ಏನೋ ಕೆರೆದು ಕೆಮ್ಮು ಬಂತು. ಮಂಜು ಕಟ್ಟಿದ ಗಾಜಿನ ನಡುವೆ ಒಂದು ಬಿಳಿಯ ಕಾಳು ಬಂದು ಕೂತಿತು.

ಅಕ್ಕಿನುಚ್ಚಿನಷ್ಟು. ನಸುಹಳದಿ. ಬೆಳಕಿಗೆ ಹಿಡಿದರೆ ಥೇಟ್ ಮುತ್ತು.

ಇಂಥದ್ದು ಮುಂಚೆಯೂ ಬಾಯಿಗೆ ಸಿಕ್ಕಿತ್ತು. ಅನ್ನದ ಚೂರೆಂದು ನುಂಗಿಬಿಟ್ಟಿದ್ದಳು. ಈ ಸಲ ಬೆರಳುಗಳ ನಡುವೆ ಹಿಸುಕಿದಳು. ಗುಪ್ಪೆಂದು ಎದ್ದ ನಾತಕ್ಕೆ, ಒಗ್ಗಿಹೋಗಿದ್ದ ಅವಳ ಮೂಗು ಕೂಡ ಹಿಂದಕ್ಕೆ ಹಾರಿತು. ಅಜ್ಜಿಯ ರಾಜಕುಮಾರಿಯ ಮುತ್ತನ್ನು ಯಾರಾದರೂ ಮೂಸಿ ನೋಡಿದ್ದರೇ? ಅವಳಿಗೆ ನಗು ಬಂತು. ಖಾಲಿ ಅಂಗಡಿಯಲ್ಲಿ ಒಬ್ಬಳೇ ನಕ್ಕಳು. ಗೋಡೆಯ ಮೇಲಿದ್ದ ಫ್ರೇಮುಗಳೆಲ್ಲ ಕಣ್ಣಿಲ್ಲದೆ ನೋಡುತ್ತಿದ್ದವು.

ಅಂಗಡಿಯ ದಪ್ಪಗಾಜಿನ ಕನ್ನಡಿ, ಕೈಟಾರ್ಚು ಹಿಡಿದು ಗಂಟಲು ನೋಡಿಕೊಂಡಳು. ಕಿರುನಾಲಗೆಯ ಪಕ್ಕದ ಗಡ್ಡೆಯಲ್ಲಿ ಇನ್ನೊಂದು ಬಿಳಿ ಚುಕ್ಕೆ ಕಂಡಿತು. ಕೈ ತಾನಾಗಿಯೇ ಕನ್ನಡಕದ ಸ್ಕ್ರೂ ಬಿಗಿಮಾಡುವ ಪುಟ್ಟ ತಿರುಪುಳಿಯ ಕಡೆ ಹೋಯಿತು. ಪುಣ್ಯಕ್ಕೆ ಗಿರಾಕಿ ಬಂದರು.

ಗಂಟಲಿನ ಡಾಕ್ಟರು ಆ ಸಂಗತಿ ಕೇಳಿ ತಲೆ ಚಚ್ಚಿಕೊಂಡರು. "ಸ್ಕ್ರೂ ಡ್ರೈವರಾ? ಗಂಟಲೇನು ಫ್ರೇಮಾ, ಬಿಗಿ ಮಾಡಕ್ಕೆ? ಟಾನ್ಸಿಲ್‌ನಲ್ಲಿ ಸಣ್ಣ ಗುಳಿಗಳಿರುತ್ತೆ ತಾಯಿ. ಊಟದ ಚೂರು, ಸತ್ತ ಜೀವಕೋಶ, ಲೋಳೆ, ಬ್ಯಾಕ್ಟೀರಿಯಾ ಎಲ್ಲ ಸೇರಿ ಅಲ್ಲಿ ಕಲ್ಲಾಗುತ್ತೆ. ಚುಚ್ಚಕ್ಕೆ ಹೋದ್ರೆ ರಕ್ತದ ಮಡು."

ಉಳಿದ ಮುತ್ತನ್ನು ಅವರೇ ತೆಗೆದರು. ಊಟವಾದ ಮೇಲೆ ಬೆಚ್ಚಗಿನ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಲು ಹೇಳಿದರು. "ಮತ್ತೆ ಬಂದ್ರೂ ಬರಬಹುದು. ತೀರಾ ಕಾಟ ಕೊಟ್ರೆ ಆಗ ಟಾನ್ಸಿಲ್ ತೆಗೆಯೋ ಮಾತು, ಈಗಲ್ಲ."

"ಹೋಯ್ತು ಅಂತ ನಂಗೆ ಹೇಗೆ ಗೊತ್ತಾಗಬೇಕು ಡಾಕ್ಟ್ರೇ?"

"ಮನೇಲಿ ಸುಳ್ಳು ಹೇಳದಿರೋರು ಯಾರಾದ್ರೂ ಇದ್ರೆ ಕೇಳಿ."

ಇದ್ದಳು, ಒಬ್ಬಳೇ ಒಬ್ಬಳು. ಆದರೆ ಆ ಬಾಗಿಲಿನವರೆಗೆ ಹೋಗುವ ಧೈರ್ಯ ಚಿಕ್ಕಿಗಿರಲಿಲ್ಲ. ಮುಕ್ಕಳಿಸುತ್ತಿದ್ದಳು, ನೆಲಕ್ಕೆ ಕಿವಿಗೊಡುತ್ತಿದ್ದಳು, ಹಾಗೇ ಮಲಗುತ್ತಿದ್ದಳು.

ಕೊನೆಗೆ ಬಂದದ್ದು ಗುಬ್ಬಿಯೇ. ಶಾಲೆಯಲ್ಲಿ ಬೋರ್ಡು ಕಾಣುವುದಿಲ್ಲ ಅಂತ ಅಕ್ಕ ಮಗಳನ್ನು ಅಂಗಡಿಗೆ ಕರೆತಂದಳು. ಕಣ್ಣು ಪರೀಕ್ಷೆ ಮುಗಿದು, ಕನ್ನಡಕ ತಯಾರಾಗಿ, ಮತ್ತೊಂದು ದಿನ ಅದನ್ನು ಹಾಕಿಸಿಕೊಳ್ಳಲು ಗುಬ್ಬಿ ಎತ್ತರದ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿತ್ತು. ಚಿಕ್ಕಿ ಫ್ರೇಮನ್ನು ಕಿವಿಗೆ ಸರಿಮಾಡಿದಳು, ಮಾಸ್ಕಿನೊಳಗೆ ಉಸಿರು ಬಿಗಿಹಿಡಿದು.

"ಮಂಜು ಮಂಜು ಕಾಣುತ್ತೆ ಚಿಕ್ಕಿ."

ಗಾಜಿನ ಮೇಲೆ ಬೆರಳಿನ ಗುರುತಿತ್ತು. ಬಾಟಲಿ ಮೇಜಿನ ಮೇಲೇ ಇತ್ತು. ಚಿಕ್ಕಿ ಅದನ್ನು ಒಮ್ಮೆ ನೋಡಿದಳು. ಮಾಸ್ಕ್ ಇಳಿಸಿದಳು. "ಹಾ" ಅಂದಳು, ಒರೆಸಿದಳು, ಗುಬ್ಬಿಯ ಮೂಗಿನ ಮೇಲೆ ಕೂರಿಸಿ ಗೇಣು ದೂರದಲ್ಲಿ ಹಾಗೇ ನಿಂತಳು.

ಗುಬ್ಬಿಯ ಮೂಗು ಮೊಲದ ಮೂಗಿನಂತೆ ಅಲ್ಲಾಡಿತು.

"ಚೂರು ಬರುತ್ತೆ."

"ಏಯ್!" ಅಕ್ಕನ ಕೈ ಮೇಲೆದ್ದಿತು.

"ಹೇಳಲಿ ಬಿಡೇ," ಅಂದಳು ಚಿಕ್ಕಿ. "ಎಷ್ಟು ಚೂರು?"

ಗುಬ್ಬಿ ಮತ್ತೊಮ್ಮೆ ಮೂಸಿ, ನ್ಯಾಯಾಧೀಶರಂತೆ ಯೋಚಿಸಿತು. "ಅಮ್ಮಂದು ಬೆಳಿಗ್ಗೆ ಬರುತ್ತಲ್ಲ, ಅಷ್ಟೂ ಇಲ್ಲ."

ಅಕ್ಕ ಸರಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದಳು. ಒಳಗಿನಿಂದ ಯಜಮಾನರು ಕಿಸಕ್ಕೆಂದರು.

"ಆ ರಾಜಕುಮಾರಿ ಆಮೇಲೇನಾದ್ಳು? ಫೋನಲ್ಲಿ ಎಷ್ಟು ಹುಡುಕಿದ್ರೂ ಆ ಕಥೆ ಇಲ್ಲ," ಅಂದಿತು ಗುಬ್ಬಿ.

ಆ ಸಂಜೆ ಚಿಕ್ಕಿ ನೀರು ಕುಡಿದು, ಮುಕ್ಕಳಿಸಿ, ಮೆಟ್ಟಿಲಿಳಿದಳು. ಗುಬ್ಬಿ ಹೊಸ ಕನ್ನಡಕ ತೆಗೆಯದೆಯೇ ಅವಳ ತೊಡೆಯ ಮೇಲೆ ತಲೆಯಿಟ್ಟಿತು. ಚಿಕ್ಕಿ ಶುರುಮಾಡಿದಳು. ಗುಹೆ ಬಂತು, ರಾಕ್ಷಸ ಬಂದ. ರಾಜಕುಮಾರಿ ಬಾಯಿ ತೆರೆಯಲೋ ಬೇಡವೋ ಅಂತ ನಿಂತಿದ್ದಳು. ಕಥೆ ಅಲ್ಲಿಗೆ ಬಂದಾಗಲೇ ತಾನು ಇಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದೇನೆಂದು ಚಿಕ್ಕಿಗೆ ತಿಳಿದದ್ದು.

ತಿರುಗಬೇಕೆಂದರೂ ಕುತ್ತಿಗೆ ಕೇಳಲಿಲ್ಲ.

ಎಷ್ಟೋ ಕಾಲದಿಂದ ಯಾರೂ ಮುಟ್ಟಿರದ ಅವಳ ಗಲ್ಲವನ್ನು ಒಂದು ಪುಟ್ಟ ಕೈ ಹಿಡಿದು ಈಚೆಗೆ ತಿರುಗಿಸಿತು.

"ಗೋಡೆಗೆ ಯಾಕೆ ಹೇಳ್ತೀಯಾ? ನಾನಿಲ್ಲಿದ್ದೀನಿ."